ಠಾಣೆಯ ರೈಟರ್ ಸಾಹೇಬರಿಗೆ: ಆ ಸಂಜೆ 5:30 ಎಲ್ಲಿಂದ ಬಂತು?

ರೈಟರ್ ಸಾಹೇಬರೇ,

ನಮಸ್ಕಾರ. ಇದನ್ನು ಎಸ್‌ಪಿಯವರಿಗೆ ಬರಿ, ಇಲ್ಲಾಂದ್ರೆ ಬೆಂಗಳೂರಿಗೇ ಬರಿ ಅಂತ ನಮ್ಮ ವಕೀಲರ ಸಂಘದ ಗೆಳೆಯರು ಹೇಳಿದರು. ನನಗೆ ಹಾಗನಿಸಲಿಲ್ಲ. ದಸ್ತಗಿರಿ ಮಾಡುವವರು ಪಿಎಸ್‌ಐ, ಸಹಿ ಹಾಕುವವರೂ ಅವರೇ. ಆದರೆ ಮೆಮೊ ಟೈಪ್ ಮಾಡುವವರು ನೀವು. ಆರೋಪಿಯನ್ನು ಹಿಡಿದ ಹೊತ್ತು ಎಷ್ಟು, ಜಾಗ ಯಾವುದು, ಮನೆಯವರಲ್ಲಿ ಯಾರಿಗೆ ತಿಳಿಸಿದರು, ಇದೆಲ್ಲ ಮೊದಲು ಮೂಡುವುದು ನಿಮ್ಮ ಕೀಬೋರ್ಡಿನಲ್ಲಿ. ಹಾಗಾಗಿ ನಿಮಗೇ ಬರೀತಿದ್ದೇನೆ. ಊರಿನ ಹೆಸರು, ಠಾಣೆಯ ಹೆಸರು ಹಾಕುವುದಿಲ್ಲ. ಇದು ಒಂದೇ ಠಾಣೆಯ ಕಥೆ ಅಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ನಾನು ತಾಲ್ಲೂಕು ಕೋರ್ಟಿನ ವಕೀಲ. ಕಾನೂನು ಸೇವಾ ಸಮಿತಿಯಿಂದ ರಿಮ್ಯಾಂಡ್ ಕೇಸುಗಳನ್ನೂ, ಅಂದರೆ ಹಿಡಿದು ತಂದವರನ್ನು ಕಸ್ಟಡಿಗೆ ಕಳಿಸಬೇಕೋ ಬೇಡವೋ ಅಂತ ಕೋರ್ಟು ನೋಡುವ ಕೇಸುಗಳನ್ನೂ ನೋಡುತ್ತೇನೆ. ಕೆಲವು ವಾರಗಳ ಹಿಂದೆ ನೀವು ಒಬ್ಬ ಹುಡುಗನನ್ನು ಬೈಕ್ ಕಳವಿನ ಕೇಸಿನಲ್ಲಿ ಹಾಜರುಪಡಿಸಿದಿರಿ, ನೆನಪಿದೆಯಾ? ಜಾರ್ಖಂಡಿನವನು, ಸೆಂಟ್ರಿಂಗ್ ಕೆಲಸ, ಮೈ ಮೇಲೆ ಸಿಮೆಂಟ್ ಹತ್ತಿದ ಹಳದಿ ಟೀ ಶರ್ಟು. ಅವನು ಬೈಕ್ ಕದ್ದನೋ ಇಲ್ಲವೋ ಅದನ್ನು ಕೋರ್ಟು ಮುಂದೆ ತೀರ್ಮಾನಿಸಲಿ. ನಾನು ಕೇಳುತ್ತಿರುವುದು ಬೇರೆ.

ನಿಮ್ಮ ಮೆಮೊದಲ್ಲಿ ಹೀಗಿತ್ತು: ಬುಧವಾರ ಸಂಜೆ 5:30ಕ್ಕೆ, ಬೈಪಾಸ್ ಹತ್ತಿರ, ಅನುಮಾನಾಸ್ಪದವಾಗಿ ನಿಂತಿದ್ದವನನ್ನು ದಸ್ತಗಿರಿ ಮಾಡಿದೆ. ಗುರುವಾರ ಬೆಳಿಗ್ಗೆ 11:30ಕ್ಕೆ ಮ್ಯಾಜಿಸ್ಟ್ರೇಟರ ಮುಂದೆ. ಲೆಕ್ಕ ಹಾಕಿದರೆ 18 ಗಂಟೆ. ಹಿಡಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಲ್ಲ, ಆ 24ರ ಒಳಗೇ ಇದೆ, ಎಲ್ಲಾ ಚೊಕ್ಕ.

ಆದರೆ ಹುಡುಗನನ್ನು ಜೀಪು ಹತ್ತಿಸಿಕೊಂಡಿದ್ದು ಮಂಗಳವಾರ ರಾತ್ರಿ. ಲೇಬರ್ ಶೆಡ್ ಎದುರಿನ ಗೂಡಂಗಡಿಯಲ್ಲಿ ಅವನು ಟೀ ಬನ್ನು ತಿಂದು ಫೋನಿನಲ್ಲೇ 25 ರೂಪಾಯಿ ಕಳಿಸಿದ್ದ. ಅಂಗಡಿಯವನ ಮೊಬೈಲಿನಲ್ಲಿ ಆ ಹಣ ಬಂದ ಹೊತ್ತು 9:08. ಚಿಲ್ಲರೆ ಗಿರಾಕಿ ಲೆಕ್ಕ, ಯಾರು ನೆನಪಿಟ್ಟುಕೊಳ್ತಾರೆ ಹೇಳಿ. ಆದರೆ ದುಡ್ಡು ಕೊಟ್ಟ ಐದಾರು ನಿಮಿಷಕ್ಕೆ ಜೀಪು ಬಂದು ಅವನನ್ನೇ ಕರೆದೊಯ್ದಿದ್ದರಿಂದ ಅಂಗಡಿಯವನಿಗೆ ನೆನಪಿತ್ತು. ಅಲ್ಲಿಂದ ಗುರುವಾರ 11:30ರವರೆಗೆ ಎಣಿಸಿ. 38 ಗಂಟೆ ದಾಟುತ್ತದೆ.

ನೀವು ಹೇಳುವುದೇನು ಅಂತ ಗೊತ್ತು. "ಸಾರ್, ಮಂಗಳವಾರ ಕರೆಸಿದ್ದು ವಿಚಾರಣೆಗೆ. ದಸ್ತಗಿರಿ ಬುಧವಾರ." ಈ ಮಾತನ್ನು ನಾನು ಬುಧವಾರ ಮಧ್ಯಾಹ್ನವೇ ಕೇಳಿದೆ. ಮೇಸ್ತ್ರಿ ಫೋನ್ ಮಾಡಿದ ಅಂತ ನಾಲ್ಕು ಗಂಟೆಗೆ ಠಾಣೆಗೆ ಬಂದೆ. ಹುಡುಗ ನಿಮ್ಮ ಟೇಬಲ್ ಪಕ್ಕದ ಬೆಂಚಿನ ಮೇಲೆ ಕೂತಿದ್ದ. ಚಪ್ಪಲಿ ಇರಲಿಲ್ಲ, ಫೋನ್ ನಿಮ್ಮ ಡ್ರಾದಲ್ಲಿತ್ತು. ಇವನ ಹತ್ತಿರ ಮಾತಾಡಬೇಕು ಅಂದೆ. "ಇನ್ನೂ ದಸ್ತಗಿರೀನೇ ಆಗಿಲ್ಲ, ಆಗಲೇ ವಕೀಲರ್ಯಾಕೆ?" ಅಂದಿರಿ. ಸರಿ, ಆಗಿಲ್ಲ ಅಂದಮೇಲೆ ಅವನು ನನ್ನ ಜೊತೆ ಎದ್ದು ಬರಲಿ, ನಾಳೆ ನಾನೇ ಕರ್ಕೊಂಡು ಬರ್ತೀನಿ ಅಂದೆ. ನೀವು ಉತ್ತರ ಕೊಡಲಿಲ್ಲ. ಸೆಂಟ್ರಿ ನಗಾಡಿದರು.

ಅಲ್ಲೇ ಇದೆ ನೋಡಿ ಪರೀಕ್ಷೆ. ಎದ್ದು ಹೋಗೋಕೆ ಬಿಡ್ತೀರಾ ಇಲ್ವಾ? ಬಿಡದೇ ಇದ್ದರೆ ಅದು ಬಂಧನ, ಮೆಮೊ ಬರೆದಿರಲಿ ಬಿಡಲಿ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜಾರಿ ನಿರ್ದೇಶನಾಲಯದ, ಅಂದರೆ ಇಡಿಯ ಒಂದು ಕೇಸಿನಲ್ಲಿ ಇದೇ ಗಡಿಯಾರ ನೋಡಿತು. ಅಲ್ಲಿ ಒಬ್ಬರನ್ನು ಇಡಿಯವರು ಬೆಳಿಗ್ಗೆ 11ಕ್ಕೆ ತಮ್ಮ ವಶಕ್ಕೆ ತೆಗೆದುಕೊಂಡಿದ್ದರು. ದಸ್ತಗಿರಿ ಅಂತ ಕಾಗದ ಬರೆದಿದ್ದು ಆ ರಾತ್ರಿ ಕಳೆದು 1:15ಕ್ಕೆ. ಕೋರ್ಟಿಗೆ ಕರೆತಂದಿದ್ದು ಮಧ್ಯಾಹ್ನ ಮೂರಕ್ಕೆ. ಕಾಗದದ ಲೆಕ್ಕದಲ್ಲಿ 14 ಗಂಟೆಯೂ ಆಗಿರಲಿಲ್ಲ. ವಶಕ್ಕೆ ತೆಗೆದುಕೊಂಡ ಹೊತ್ತಿನಿಂದ ಎಣಿಸಿದಾಗ 28 ಗಂಟೆ. ಸಂವಿಧಾನದ 22(2)ನೇ ವಿಧಿ ಮುರಿದಿದೆ, ಬಂಧನವೇ ಕೆಟ್ಟುಹೋಯಿತು ಅಂತ ಕೋರ್ಟು ಹೇಳಿ ಜಾಮೀನನ್ನು ಎತ್ತಿಹಿಡಿಯಿತು.

ಈ 24 ಗಂಟೆಯಲ್ಲಿ ಕಳೆಯಬಹುದಾಗಿದ್ದು ಕೋರ್ಟಿಗೆ ಪ್ರಯಾಣ ಮಾಡುವ ಹೊತ್ತು ಮಾತ್ರ. ಭಾನುವಾರ ಕಳೆಯೋಕಾಗಲ್ಲ, ಎರಡನೇ ಶನಿವಾರ ಕಳೆಯೋಕಾಗಲ್ಲ, ಜಾತ್ರೆ ಬಂದೋಬಸ್ತು ಕಳೆಯೋಕಾಗಲ್ಲ. ರಜೆ ಇದ್ದರೆ ಮ್ಯಾಜಿಸ್ಟ್ರೇಟ್ ಸಾಹೇಬರ ಮನೆಗೇ ಕರೆದೊಯ್ಯುತ್ತೀರಲ್ಲ, ಅದಕ್ಕೇ. ನಮ್ಮ ವ್ಯಾಪ್ತಿಯ ಮ್ಯಾಜಿಸ್ಟ್ರೇಟರು ಊರಲ್ಲಿಲ್ಲ ಅನ್ನುವ ನೆಪವೂ ಈಗ ನಡೆಯಲ್ಲ. ಹಳೇ ಸಿಆರ್‌ಪಿಸಿಯ ಜಾಗಕ್ಕೆ 2024ರ ಜುಲೈ 1ರಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನ 58ನೇ ಕಲಂ, ವ್ಯಾಪ್ತಿ ಇರಲಿ ಇಲ್ಲದಿರಲಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಅನ್ನುತ್ತದೆ. ಗೂಂಡಾ ಕಾಯ್ದೆಯಂಥ ಮುನ್ನೆಚ್ಚರಿಕೆ ಬಂಧನಕ್ಕೆ ಬೇರೆ ಲೆಕ್ಕ ಇದೆ, ಅದನ್ನು ಇಲ್ಲಿ ಬೆರೆಸುವುದು ಬೇಡ.

ಬುಧವಾರ ಸಂಜೆ ಏಳಕ್ಕೆ ಮತ್ತೆ ಬಂದೆ. ಆಗ ನಿಮ್ಮ ಪ್ರಕಾರ ದಸ್ತಗಿರಿ ಆಗಿತ್ತು. ಈಗಲಾದರೂ ಮಾತಾಡಬಹುದಾ ಅಂದೆ. "ಈಗ ವಿಚಾರಣೆ ನಡೀತಿದೆ ಸಾರ್, ಕೋರ್ಟಿಗೆ ಬರ್ತಾನಲ್ಲ, ಅಲ್ಲೇ ಮಾತಾಡಿ." ನಾಲ್ಕು ಗಂಟೆಗೆ ದಸ್ತಗಿರಿ ಆಗಿಲ್ಲ ಅಂತ ವಕೀಲ ಬೇಡ, ಏಳು ಗಂಟೆಗೆ ವಿಚಾರಣೆ ಇದೆ ಅಂತ ವಕೀಲ ಬೇಡ. ಹಾಗಾದರೆ ವಕೀಲ ಬೇಕಾಗುವ ಹೊತ್ತು ಯಾವುದು ಹೇಳಿ? ಅದೇ ಬಿಎನ್‌ಎಸ್‌ಎಸ್‌ನ 38ನೇ ಕಲಂ ಬರೆದಿರುವುದೇ ದಸ್ತಗಿರಿಯಾಗಿ ವಿಚಾರಣೆ ನಡೆಯುವ ಆ ಹೊತ್ತಿಗೆ. ವಿಚಾರಣೆ ಉದ್ದಕ್ಕೂ ಪಕ್ಕದಲ್ಲೇ ಕೂರುವ ಹಕ್ಕು ನನಗಿಲ್ಲ, ಅದನ್ನು ಒಪ್ಪುತ್ತೇನೆ, ಕಲಮಿನಲ್ಲೇ ಹಾಗಿದೆ. ಆದರೆ ವಿಚಾರಣೆಯ ನಡುವೆ ಭೇಟಿ ಮಾಡುವ ಹಕ್ಕು ಅವನಿಗಿದೆ. ಹತ್ತು ನಿಮಿಷ ಸಾಕಿತ್ತು. ಫೀಸು ಕೊಡೋಕೆ ಅವನ ಹತ್ತಿರ ದುಡ್ಡಿಲ್ಲ ಅನ್ನುವುದೂ ಅಡ್ಡಿಯಲ್ಲ. ಕಸ್ಟಡಿಯಲ್ಲಿರುವವನಿಗೆ ಆದಾಯ ಎಷ್ಟು ಅಂತ ಕೇಳದೆ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. 15100ಕ್ಕೆ ಫೋನ್ ಮಾಡಿದರೆ ಕಾನೂನು ಸೇವೆಯವರು ಸಿಗುತ್ತಾರೆ. ಆ ನಂಬರು ನಿಮ್ಮ ಠಾಣೆಯ ಗೋಡೆ ಮೇಲೂ ಇದೆ, ಕ್ಯಾಲೆಂಡರ್ ಹಿಂದೆ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ.

ಗುರುವಾರ 11:10ಕ್ಕೆ ಕೋರ್ಟ್ ಕಾರಿಡಾರಿನಲ್ಲಿ, ಕಂಬದ ಪಕ್ಕ, ನಿಮ್ಮ ಪಿಸಿ ಒಬ್ಬರು ಹುಡುಗನ ಕೈಗೆ ಒಂದು ಹಾಳೆ ಕೊಟ್ಟು ಇನ್ನೊಂದರ ಮೇಲೆ ಸಹಿ ಹಾಕಿಸಿಕೊಂಡರು. ದಸ್ತಗಿರಿಯ ಕಾರಣಗಳ ತಿಳುವಳಿಕೆ ಪತ್ರ. ನಾನು ಅಲ್ಲೇ ಇಸ್ಕೊಂಡು ಓದಿದೆ. ಅದರಲ್ಲಿದ್ದಿದ್ದು ಇಷ್ಟು: ನೀನು ಸದರಿ ಗುನ್ನೆಯಲ್ಲಿ ಆರೋಪಿಯಾಗಿದ್ದು, ತಲೆಮರೆಸಿಕೊಳ್ಳುವ ಸಂಭವ ಇರುವುದರಿಂದ, ಸಾಕ್ಷಿದಾರರನ್ನು ಹೆದರಿಸುವ ಸಂಭವ ಇರುವುದರಿಂದ, ತನಿಖೆಗೆ ಸಹಕರಿಸದೇ ಇರುವುದರಿಂದ ನಿನ್ನನ್ನು ದಸ್ತಗಿರಿ ಮಾಡಲಾಗಿದೆ. ಕೆಳಗೆ, "ಓದಿ ಹೇಳಲಾಗಿ ಕೇಳಿ ತಿಳಿದು ಸಹಿ ಮಾಡಿರುತ್ತೇನೆ." ಅದರ ಕೆಳಗೆ ಹುಡುಗನ ಸಹಿ, ದೇವನಾಗರಿಯಲ್ಲಿ.

ಕನ್ನಡ ಒಂದಕ್ಷರ ಬಾರದವನು ಕನ್ನಡದ ಹಾಳೆಯನ್ನು ಕೇಳಿ ತಿಳಿದು ಸಹಿ ಹಾಕಿದ್ದಾನೆ! ನಮ್ಮ ರಾಯಚೂರಿನ ಹುಡುಗನೊಬ್ಬನನ್ನು ಪುಣೆಯಲ್ಲೋ ದೆಹಲಿಯಲ್ಲೋ ಹಿಡಿದು ಇದೇ ಥರ ಮರಾಠಿಯಲ್ಲೋ ಹಿಂದಿಯಲ್ಲೋ ಬರೆದ ಹಾಳೆ ಕೊಟ್ಟರೆ ನಾವು ಸುಮ್ನಿರ್ತೀವಾ? ಕನ್ನಡದಲ್ಲಿ ಕೊಡಿ ಅಂತ ಕೂಗಾಡ್ತೀವಿ, ಕೂಗಾಡಬೇಕು ಕೂಡ. ಆಡಳಿತ ಕನ್ನಡದಲ್ಲಿರಲಿ, ನಿಮ್ಮ ಕಡತದ ಪ್ರತಿ ಕನ್ನಡದಲ್ಲೇ ಇರಲಿ. ಹುಡುಗನ ಕೈಗೆ ಕೊಡುವ ಪ್ರತಿ ಮಾತ್ರ ಅವನಿಗೆ ತಿಳಿಯುವ ಭಾಷೆಯಲ್ಲಿರಬೇಕು.

ಭಾಷೆಗಿಂತ ದೊಡ್ಡ ತೊಂದರೆ ಇನ್ನೊಂದಿದೆ. ಆ ಹಾಳೆಯಲ್ಲಿ ಹುಡುಗನ ಹೆಸರು ಅಳಿಸಿ ಯಾರ ಹೆಸರು ಬೇಕಾದರೂ ಹಾಕಬಹುದು. ತಲೆಮರೆಸಿಕೊಳ್ಳಬಹುದು, ಸಾಕ್ಷಿ ಹೆದರಿಸಬಹುದು, ಇವು ಯಾವ ಆರೋಪಿಗೆ ಒಪ್ಪುವುದಿಲ್ಲ ಹೇಳಿ? ಇವೆಲ್ಲ ದಸ್ತಗಿರಿ ಯಾಕೆ ಬೇಕಾಯಿತು ಅನ್ನುವುದಕ್ಕೆ ಕಾರಣಗಳು. ಸಂವಿಧಾನದ 22(1) ಕೇಳುವುದು ಆಧಾರಗಳನ್ನು. ಕಾರಣ ಬೇರೆ, ಆಧಾರ ಬೇರೆ. 2024ರ ಮೇ 15ರಂದು ಪ್ರಬೀರ್ ಪುರ್ಕಾಯಸ್ಥ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಡಿಸಿ ಹೇಳಿತು. ಕಾರಣಗಳು ಯಾರಿಗಾದರೂ ಹೊಂದುವ ಸಾಮಾನ್ಯ ಮಾತುಗಳು, ಆಧಾರಗಳು ಆ ಒಬ್ಬ ವ್ಯಕ್ತಿಗೇ ಸೇರಿದ ಸಂಗತಿಗಳು.

ಆಧಾರ ಅಂದರೆ ಹೇಗಿರುತ್ತದೆ? ಅದೇ ಕೇಸನ್ನೇ ತಗೊಳ್ಳಿ. ಎಫ್‌ಐಆರ್ ಆಮೇಲೆ ನನ್ನ ಕೈಗೆ ಸಿಕ್ಕಿತು, ಅದರಿಂದಲೇ ಬರೆಯುತ್ತೇನೆ: "ಭಾನುವಾರ ರಾತ್ರಿ 10ರಿಂದ 11ರ ನಡುವೆ ಬಸ್ ಸ್ಟ್ಯಾಂಡ್ ಪಾರ್ಕಿಂಗ್‌ನಿಂದ ಇಂಥ ನಂಬರಿನ ಬೈಕ್ ಕಳವಾಗಿದೆ. ಬೈಕನ್ನು ತಳ್ಳಿಕೊಂಡು ಹೋಗುತ್ತಿದ್ದವನು ಹಳದಿ ಟೀ ಶರ್ಟಿನಲ್ಲಿದ್ದ ಅಂತ ಪಾರ್ಕಿಂಗ್ ಹುಡುಗ ಹೇಳಿದ್ದಾನೆ. ಆ ವರ್ಣನೆ ನಿನಗೆ ಹೋಲುತ್ತದೆ. ಅದಕ್ಕೆ ನಿನ್ನನ್ನು ಹಿಡಿದಿದ್ದೇವೆ." ನಾಲ್ಕು ಸಾಲು. ನಿಮ್ಮ ತನಿಖೆಯ ಗುಟ್ಟೇನೂ ಇದರಲ್ಲಿ ಬಯಲಾಗುವುದಿಲ್ಲ.

ಆದರೆ ಈ ನಾಲ್ಕು ಸಾಲು ಬುಧವಾರವೇ ಸಿಕ್ಕಿದ್ದರೆ ಏನಾಗುತ್ತಿತ್ತು ಗೊತ್ತಾ? ಭಾನುವಾರ ರಾತ್ರಿ ಆ ಸೈಟಿನಲ್ಲಿ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುತ್ತಿದ್ದರಂತೆ. ಮಿಕ್ಸರ್ ಕೆಟ್ಟು ತಡವಾಗಿ, ಕೆಲಸ ಮುಗಿದಾಗ ರಾತ್ರಿ ಒಂದು ಗಂಟೆ. ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ ಈ ಹುಡುಗನ ಹೆಸರಿನ ಮುಂದೆ ಆ ದಿನ ಒಂದೂವರೆ ಹಾಜರಿ ಇದೆ. ಆ ಪುಸ್ತಕ ನಿಜವೋ ಸುಳ್ಳೋ ನೀವು ಪರೀಕ್ಷೆ ಮಾಡಿ, ಬೇಡ ಅನ್ನಲ್ಲ. ಆದರೆ ಅದನ್ನು ತನ್ನಿ ಅಂತ ಮೇಸ್ತ್ರಿಗೆ ಹೇಳಬೇಕಾದರೆ ಯಾವ ರಾತ್ರಿಯ ಮಾತು ಅಂತ ನನಗೆ ಮೊದಲು ಗೊತ್ತಾಗಬೇಕಲ್ವಾ? "ಸದರಿ ಗುನ್ನೆ" ಅಂದರೆ ಯಾವ ರಾತ್ರಿ? ಹುಡುಗನಿಗೆ ಬೈಕಿನ ವಿಷಯ ಅನ್ನುವುದು ಬಿಟ್ಟು ಇನ್ನೇನೂ ಗೊತ್ತಿರಲಿಲ್ಲ. ಯಾವ ಬೈಕು, ಯಾವ ದಿನ, ಗುರುವಾರ ಬೆಳಿಗ್ಗೆವರೆಗೂ ಯಾರೂ ಹೇಳಿರಲಿಲ್ಲ.

ಈ ಆಧಾರಗಳನ್ನು ಬಾಯಲ್ಲಿ ಹೇಳಿದರೆ ಸಾಕಾ, ಬರೆದೇ ಕೊಡಬೇಕಾ ಅನ್ನುವುದರ ಬಗ್ಗೆ ಬಹಳ ದಿನ ಜಗ್ಗಾಟ ನಡೆಯಿತು. 2023ರ ಅಕ್ಟೋಬರಿನಲ್ಲಿ ಪಂಕಜ್ ಬನ್ಸಲ್ ಕೇಸಿನಲ್ಲಿ ಇಡಿಯವರು ಬರೆದು ಕೊಡಬೇಕು ಅಂತಾಯಿತು. 2025ರ ಫೆಬ್ರವರಿಯಲ್ಲಿ ವಿಹಾನ್ ಕುಮಾರ್ ಕೇಸು ಬಂತು. ಅದರಲ್ಲಿ ಆರೋಪಿಯನ್ನು ಆಸ್ಪತ್ರೆ ಮಂಚಕ್ಕೆ ಸರಪಳಿ ಹಾಕಿ ಕಟ್ಟಿದ್ದರು. ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು, ಹೇಳಿದ್ದೇವೆ ಅಂತ ಸಾಬೀತು ಮಾಡುವ ಭಾರ ಪೊಲೀಸರದ್ದೇ, ರಿಮ್ಯಾಂಡ್ ಹೊತ್ತಿನಲ್ಲಿ ಮ್ಯಾಜಿಸ್ಟ್ರೇಟರು ಇದನ್ನು ಖಾತ್ರಿ ಮಾಡಿಕೊಳ್ಳಬೇಕು ಅಂತ ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷ ಆಗಸ್ಟಿನಲ್ಲಿ ನಮ್ಮದೇ ರಾಜ್ಯದ ನಟ ದರ್ಶನ್ ಕೇಸಿನಲ್ಲಿ, ಬರೆದು ಕೊಡಲಿಲ್ಲ ಅನ್ನುವುದೊಂದರಿಂದಲೇ ಬಂಧನ ಬಿದ್ದುಹೋಗುವುದಿಲ್ಲ, ಅದರಿಂದ ಆರೋಪಿಗೆ ಏನು ತೊಂದರೆಯಾಯಿತು ಅಂತ ತೋರಿಸಬೇಕು ಅನ್ನುವ ಮಾತು ಬಂತು, ಜಾಮೀನು ರದ್ದಾಯಿತು. ನಿಮ್ಮ ಠಾಣೆಯವರು ಇವತ್ತಿಗೂ ನನಗೆ ಅದನ್ನೇ ಹೇಳುತ್ತಾರೆ, "ದರ್ಶನ್ ಕೇಸಲ್ಲಿ ಏನಾಯ್ತು ನೋಡಿ ಸಾರ್" ಅಂತ. ಅದರ ನಂತರ ಬಂದಿದ್ದನ್ನೂ ನೋಡಿ. 2025ರ ನವೆಂಬರ್ 6ರಂದು ಮಿಹಿರ್ ಶಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಮುಂದಿನ ದಸ್ತಗಿರಿಗಳಿಗೆಲ್ಲ ಅನ್ವಯಿಸುವ ಹಾಗೆ ಹೇಳಿದ್ದಿಷ್ಟು: ಕಾಯ್ದೆ ಯಾವುದೇ ಇರಲಿ, ಆಧಾರಗಳನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು. ಕಣ್ಣೆದುರೇ ಅಪರಾಧ ನಡೆಯುತ್ತಿದ್ದು ಬರೆಯೋಕೆ ಪುರುಸೊತ್ತಿಲ್ಲದಂಥ ಸಂದರ್ಭದಲ್ಲಿ ಮೊದಲು ಬಾಯಲ್ಲಿ ಹೇಳಬಹುದು. ಆದರೆ ಬರಹದ ಪ್ರತಿ ಹೇಗೇ ಆದರೂ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಎರಡು ಗಂಟೆ ಮೊದಲು ಅವನ ಕೈಯಲ್ಲಿರಬೇಕು. ಇಲ್ಲದಿದ್ದರೆ ಬಂಧನವೂ ರಿಮ್ಯಾಂಡೂ ಕಾನೂನುಬಾಹಿರ.

ಎರಡು ಗಂಟೆ. ನೀವು ಕೊಟ್ಟಿದ್ದು ಇಪ್ಪತ್ತು ನಿಮಿಷ, ಅದೂ ಕಂಬದ ಪಕ್ಕ.

ಕೋರ್ಟ್ ಹಾಲಿನಲ್ಲಿ ನೀವೂ ಇದ್ದಿರಿ. ಮ್ಯಾಜಿಸ್ಟ್ರೇಟರು ಮೊದಲು ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದರು, ಪೊಲೀಸರು ಹೊಡೆದಿದ್ದಾರಾ ಅಂತ. ಹುಡುಗ ಇಲ್ಲ ಅಂದ. ನಾನು ಈ ಪ್ರಶ್ನೆಗೆ ಹೌದು ಅಂದವರನ್ನು ಬೆರಳೆಣಿಕೆಯಷ್ಟು ನೋಡಿದ್ದೇನೆ. ಕರೆತಂದವರು ಹಿಂದೆಯೇ ನಿಂತಿರುವಾಗ, ವಾಪಸ್ ಹೋಗಬೇಕಾದ್ದೂ ಅವರ ಜೊತೆಗೇ ಆದಾಗ, ಯಾರು ಹೌದು ಅಂತಾರೆ? ನಾನು ತಕರಾರು ಸಲ್ಲಿಸಿದ್ದೆ. ಅದನ್ನು ಓದಿ ಅವರು ಎರಡನೇ ಪ್ರಶ್ನೆ ಕೇಳಿದರು, ಅವರದೇ ಹರಕು ಹಿಂದಿಯಲ್ಲಿ. ನಿನ್ನನ್ನು ಜೀಪಿನಲ್ಲಿ ಕರ್ಕೊಂಡು ಬಂದಿದ್ದು ಯಾವತ್ತು? ಹುಡುಗ ತಡಮಾಡಲೇ ಇಲ್ಲ. "ಮಂಗಲ್ ಕೋ, ಸಾಬ್. ರಾತ್ ಕೋ."

ಹೊಡೆದಿದ್ದಾರಾ ಅನ್ನುವ ಪ್ರಶ್ನೆಗೆ ಹೆದರುವವನು ಯಾವ ದಿನ ಅನ್ನುವುದಕ್ಕೆ ಹೆದರುವುದಿಲ್ಲ ನೋಡಿ. ಅದು ದೂರು ಅಂತ ಅವನಿಗೆ ಅನಿಸುವುದೇ ಇಲ್ಲ. ನೀವು ಆಗ ನೆಲ ನೋಡುತ್ತಿದ್ದಿರಿ.

ಆಮೇಲೆ ಅಂಗಡಿಯವನ ಫೋನಿನ 9:08, ಠಾಣೆಯ ಸಿಸಿಟಿವಿ ದೃಶ್ಯ ಅಳಿಸಬಾರದು ಅಂತ ನನ್ನ ಅರ್ಜಿ, ಮೆಮೊದಲ್ಲಿ ಮನೆಯವರಿಗೆ ತಿಳಿಸಿದ ಜಾಗದಲ್ಲಿ ಒಂಬತ್ತೇ ಅಂಕಿ ಇದ್ದ ಫೋನ್ ನಂಬರು, ಎಲ್ಲಾ ಒಂದರ ಹಿಂದೆ ಒಂದು ಬಂದವು. ಆ ನಂಬರಿನ ಬಗ್ಗೆ ಸಾಹೇಬರು ಏನೂ ಹೇಳಲಿಲ್ಲ, ಪೆನ್ನಿನಿಂದ ಒಂದು ಗೆರೆ ಎಳೆದರು ಅಷ್ಟೇ. ಬಿಎನ್‌ಎಸ್‌ಎಸ್‌ನ 48ನೇ ಕಲಮಿನ ಪ್ರಕಾರ ಸಂಬಂಧಿಕರಿಗೋ ಗೆಳೆಯರಿಗೋ ತಿಳಿಸಿದ್ದೀರಾ ಅಂತ ನೋಡುವುದು ಅವರ ಕೆಲಸ. ಹುಡುಗನ ತಾಯಿಗೆ ಸುದ್ದಿ ಮುಟ್ಟಿಸಿದ್ದು ಮೇಸ್ತ್ರಿ. ಮೆಮೊಗೆ ಸಾಕ್ಷಿ ಹಾಕಿದವರು ಠಾಣೆ ಎದುರಿನ ಝೆರಾಕ್ಸ್ ಅಂಗಡಿಯವರು. ಕುಟುಂಬದವರೋ ಆ ಜಾಗದ ಗೌರವಸ್ಥರೋ ಸಾಕ್ಷಿಯಾಗಿರಬೇಕು ಅಂತ 1996ರಲ್ಲೇ ಡಿ.ಕೆ. ಬಸು ಕೇಸಿನಲ್ಲಿ ಹೇಳಿದ್ದಾರೆ. ಝೆರಾಕ್ಸ್‌ನವರು ಗೌರವಸ್ಥರಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಬೈಪಾಸ್‌ನಲ್ಲಿ ನಡೆದದ್ದನ್ನು ಅವರು ಅಂಗಡಿಯಲ್ಲಿ ಕೂತು ಹೇಗೆ ನೋಡಿದರು?

ರಿಮ್ಯಾಂಡ್ ಸಿಗಲಿಲ್ಲ. ಹುಡುಗನನ್ನು ಬಾಂಡ್ ಬರೆಸಿಕೊಂಡು ಬಿಟ್ಟರು, ಕರೆದಾಗ ತನಿಖೆಗೆ ಬರಬೇಕು ಅಂತ ಹೇಳಿ. ನಿಮ್ಮವರಲ್ಲಿ ಕೆಲವರು ಕಳ್ಳ ತಾಂತ್ರಿಕ ಕಾರಣಕ್ಕೆ ತಪ್ಪಿಸಿಕೊಂಡ ಅಂದರಂತೆ. ತಪ್ಪಿಸಿಕೊಂಡಿಲ್ಲ. ಕೇಸು ಹಾಗೇ ಇದೆ, ತನಿಖೆ ಹಾಗೇ ಇದೆ. ಆಧಾರಗಳನ್ನು ಸರಿಯಾಗಿ ಬರೆದು ಕೊಟ್ಟು, ತಡ ಯಾಕಾಯಿತು ಅಂತ ವಿವರಿಸಿ ಮತ್ತೆ ಕಸ್ಟಡಿ ಕೇಳೋಕೆ ಮಿಹಿರ್ ಶಾ ತೀರ್ಪೇ ದಾರಿ ಬಿಟ್ಟಿದೆ. ನೀವು ಇನ್ನೂ ಕೇಳಿಲ್ಲ. ಅಂದಹಾಗೆ ಇಂಥ ಕಳವಿಗೆ ಹೆಚ್ಚೆಂದರೆ ಮೂರು ವರ್ಷ ಶಿಕ್ಷೆ. ಏಳು ವರ್ಷದವರೆಗಿನ ಕೇಸುಗಳಲ್ಲಿ ಮೊದಲು ನೋಟಿಸ್ ಕೊಟ್ಟು ಕರೆಯಿರಿ, ಹಿಡಿಯಲೇಬೇಕಿದ್ದರೆ ಯಾಕೆ ಅಂತ ಬರೆದಿಡಿ ಅಂತ 2014ರ ಅರ್ನೇಶ್ ಕುಮಾರ್ ತೀರ್ಪಿನಿಂದ ಹೇಳುತ್ತಲೇ ಇದ್ದಾರೆ. ಒಂದು ನೋಟಿಸಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಎರಡು ರಾತ್ರಿ ನೀವೂ ನಿದ್ದೆಗೆಟ್ಟಿರಿ.

ನಿಮ್ಮ ಕಷ್ಟ ಗೊತ್ತಿಲ್ಲ ಅಂತಲ್ಲ. ಒಂದೇ ಕಂಪ್ಯೂಟರು, ಅದರ ಮುಂದೆ ಪಾಸ್‌ಪೋರ್ಟ್ ವೆರಿಫಿಕೇಷನ್ನಿನವರು ನಿಂತಿರ್ತಾರೆ, ಅತ್ತ ಗಣೇಶನ ಬಂದೋಬಸ್ತು, ಇತ್ತ ಮೇಲಿನವರ ಫೋನು. ಹೊತ್ತು ಎಷ್ಟು ಅಂತ ಬರೀಲಿ ಸಾರ್ ಅಂತ ನೀವು ಕೇಳ್ತೀರಿ, ಐದೂವರೆ ಅಂತ ಬರಿ ಅಂತಾರೆ, ಬರೀತೀರಿ. ಆದರೆ ಆ ಠಾಣಾ ದಿನಚರಿಯಲ್ಲಿ ಮಂಗಳವಾರ ರಾತ್ರಿ ಜೀಪು ಹೊರಟಿದ್ದೂ ವಾಪಸ್ ಬಂದಿದ್ದೂ ನಿಮ್ಮದೇ ಅಕ್ಷರದಲ್ಲಿದೆ. ಠಾಣೆಯ ಕ್ಯಾಮೆರಾ ದೃಶ್ಯಗಳನ್ನು 18 ತಿಂಗಳು ಇಡಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಾಳೆ ಯಾರಾದರೂ ಇವೆರಡನ್ನೂ ಮೆಮೊ ಪಕ್ಕ ಇಟ್ಟು ನೋಡಿದರೆ, ಐದೂವರೆ ಅಂತ ಬರಿ ಅಂದವರ ಮಾತು ಎಲ್ಲೂ ದಾಖಲಾಗಿರುವುದಿಲ್ಲ. ನೀವು ಟೈಪ್ ಮಾಡಿದ್ದು ಇರುತ್ತದೆ.

ಸೋಮವಾರ ಬೆಳಿಗ್ಗೆ ನಿಮ್ಮ ಠಾಣೆಯಿಂದ ಇನ್ನೊಬ್ಬರನ್ನು ಹಾಜರುಪಡಿಸುತ್ತಾರೆ ಅಂತ ಕೇಳಿದೆ. ಈ ಸಲದವರು ತೆಲುಗಿನವರಂತೆ. ನಿಮ್ಮ ಪಾವಗಡದ ಪಿಸಿಗೆ ತೆಲುಗು ಚೆನ್ನಾಗಿ ಬರುತ್ತೆ, ಅವರ ಕೈಲಿ ಬರೆಸಿ. ಕೋರ್ಟು ಹನ್ನೊಂದಕ್ಕೆ. ಹಾಳೆ ಒಂಬತ್ತಕ್ಕೆ ಮೊದಲು ಅವರ ಕೈಯಲ್ಲಿರಲಿ, ಕೊಟ್ಟ ಹೊತ್ತನ್ನೂ ಅದರ ಮೇಲೆ ಬರೆಯಿರಿ. ನಾನು ಹತ್ತಕ್ಕೆ ಆ ಕಂಬದ ಹತ್ತಿರ ಇರ್ತೀನಿ.

ಇಂತಿ,
ನಿಮಗೆ ಪರಿಚಯ ಇರುವ ಒಬ್ಬ ವಕೀಲ